ಹಿಂದಿನ ಇಳಿಜಾರು ನೋಡಿ ಇಡುವ ಹೆಜ್ಜೆ

ಆಘಾತ ತರಂಗವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಹೊರಟವರೆಲ್ಲರಿಗೂ ಮೊದಲ ವಾರದಲ್ಲೇ ಒಂದು ಚಿತ್ರ ಎದುರಾಗುತ್ತದೆ. ಒತ್ತಡ ಒಂದೇ ಏಟಿಗೆ ಧುಮುಕಬೇಕಾದ ಜಾಗದ ಹಿಂದೆ ಗರಗಸದ ಹಲ್ಲಿನಂತೆ ಏರಿಳಿತಗಳು ಎದ್ದಿರುತ್ತವೆ. ಗಾಳಿಯಲ್ಲಿ ಅಂಥದ್ದೇನೂ ಇಲ್ಲ, ಅವು ಲೆಕ್ಕದೊಳಗೇ ಹುಟ್ಟಿದವು. ಆಗ ಬಹುತೇಕರು ಮಾಡುವ ಕೆಲಸ ಒಂದೇ: ಲೆಕ್ಕಕ್ಕಾಗಿ ಜಾಗವನ್ನು ಜಾಲರಿಯಂತೆ ಭಾಗ ಮಾಡಿದ ಮನೆಗಳ ಸಂಖ್ಯೆಯನ್ನು ಇಮ್ಮಡಿ ಮಾಡುವುದು. ಹಲ್ಲುಗಳು ಸಣ್ಣಗಾಗುತ್ತವೆ, ಒತ್ತಾಗುತ್ತವೆ, ಆದರೆ ಎತ್ತರ ಮಾತ್ರ ತಗ್ಗುವುದಿಲ್ಲ. ಮತ್ತೆ ಇಮ್ಮಡಿ ಮಾಡಿದರೂ ತಗ್ಗುವುದಿಲ್ಲ.

‘ಜಾಲರಿ ಸಾಕಷ್ಟು ಸೂಕ್ಷ್ಮವಾದರೆ ಎಲ್ಲ ಸರಿಹೋಗುತ್ತದೆ’ ಎಂಬ ಈ ನಂಬಿಕೆಯನ್ನು ಕೇಳಿದಾಗಲೆಲ್ಲ ನನಗೆ ತಡೆಯಲಾಗುವುದಿಲ್ಲ. ಯಾಕೆ ಸರಿಹೋಗುವುದಿಲ್ಲ ಎಂಬುದನ್ನೂ, ಫ್ಲಕ್ಸ್ ಲಿಮಿಟರ್ ಎಂಬ ಉಪಾಯ ಅದನ್ನು ಹೇಗೆ ಸರಿಪಡಿಸುತ್ತದೆ ಎಂಬುದನ್ನೂ ಆರು ಮನೆಗಳಲ್ಲಿ, ಕೈಲೆಕ್ಕದಲ್ಲೇ ತೋರಿಸಬಹುದು.

ಒಂದೇ ವೇಗದಲ್ಲಿ ಎಡದಿಂದ ಬಲಕ್ಕೆ ಹರಿಯುವ ಕಾಲುವೆಯೊಂದನ್ನು ತೆಗೆದುಕೊಳ್ಳಿ. ನೀರಿಗೆ ಬಣ್ಣ ಬೆರೆಸಿದ್ದೇವೆ. ಕಾಲುವೆಯನ್ನು ಚೌಕಾಬಾರದ ಮನೆಗಳಂತೆ ಸಮನಾಗಿ ಭಾಗ ಮಾಡಿ, ಪ್ರತಿ ಮನೆಯ ಸರಾಸರಿ ಬಣ್ಣವನ್ನು ಬರೆದಿಡೋಣ: 100, 100, 100, 0, 0, 0. ಎಡದಿಂದ ಒಳಗೆ ಹರಿದು ಬರುವ ನೀರೂ 100ರ ಗಾಢತೆಯದೇ. ಒಂದು ಹೆಜ್ಜೆ ಕಾಲದಲ್ಲಿ ನೀರು ಸರಿಯಾಗಿ ಅರ್ಧ ಮನೆಯಷ್ಟು ಮುಂದೆ ಸರಿಯುತ್ತದೆ ಎಂದುಕೊಳ್ಳಿ. ಹಾಗಾದರೆ ಮೂರನೆಯ ಮನೆಯ ಬಲ ಅರ್ಧದಲ್ಲಿರುವ ನೀರು ಹೊಸ್ತಿಲು ದಾಟಿ ನಾಲ್ಕನೆಯ ಮನೆ ಸೇರುತ್ತದೆ. ಹೀಗೆ ಹೊಸ್ತಿಲು ದಾಟುವುದಕ್ಕೇ ಫ್ಲಕ್ಸ್ ಎನ್ನುವುದು. ಒಂದು ಮನೆ ಕಳೆದುಕೊಂಡದ್ದು ಪಕ್ಕದ ಮನೆಗೆ ಸೇರಲೇಬೇಕು, ಎಡದಿಂದ ಹರಿದು ಬಂದದ್ದನ್ನು ಬಿಟ್ಟರೆ ಒಟ್ಟು ಬಣ್ಣ ಹೆಚ್ಚಬಾರದು, ಕಡಿಮೆಯಾಗಲೂಬಾರದು.

ಈಗ ಪ್ರಶ್ನೆ ಒಂದೇ. ಮನೆಯ ಸರಾಸರಿ ಮಾತ್ರ ನಮಗೆ ಗೊತ್ತು. ದಾಟುವುದು ಅದರ ಬಲ ಅರ್ಧ. ಆ ಅರ್ಧದಲ್ಲಿ ಬಣ್ಣ ಎಷ್ಟಿದೆ?

ಒಂದು ಉತ್ತರ: ಮನೆಯ ತುಂಬ ಬಣ್ಣ ಒಂದೇ ಸಮ ಇದೆ ಎಂದು ನಂಬುವುದು. ಮೂರನೆಯ ಮನೆಯಿಂದ 100ರ ಗಾಢತೆಯ ಅರ್ಧ ಮನೆ ನೀರು ದಾಟುತ್ತದೆ, ನಾಲ್ಕನೆಯದು 50 ಆಗುತ್ತದೆ. ಎರಡನೆಯ ಹೆಜ್ಜೆಗೆ ನಾಲ್ಕನೆಯ ಮನೆ 75, ಐದನೆಯದು 25. ನಿಜವಾಗಿ ಎರಡು ಹೆಜ್ಜೆಯಲ್ಲಿ ಬಣ್ಣದ ಅಂಚು ಪೂರ್ತಿ ಒಂದು ಮನೆ ಸರಿದು, ನಾಲ್ಕನೆಯ ಮನೆ 100, ಐದನೆಯದು 0 ಆಗಿರಬೇಕಿತ್ತು. ಈ ವಿಧಾನದಲ್ಲಿ ಸುಳ್ಳು ಏರಿಳಿತ ಎಂದೂ ಏಳುವುದಿಲ್ಲ, ಆದರೆ ಎಲ್ಲವೂ ಕಲಸಿಹೋಗುತ್ತದೆ. ಬಣ್ಣ ನಯವಾಗಿ ಬದಲಾಗುವ ಕಡೆಯಲ್ಲೂ ಮನೆಯ ಅಗಲವನ್ನು ಅರ್ಧ ಮಾಡಿದರೆ ತಪ್ಪೂ ಅರ್ಧವಷ್ಟೇ ಆಗುತ್ತದೆ. ಇದು ಮೊದಲ ದರ್ಜೆಯ ನಿಖರತೆ.

ಇನ್ನೊಂದು ಉತ್ತರವನ್ನು ಪೀಟರ್ ಲ್ಯಾಕ್ಸ್ ಮತ್ತು ಬರ್ಟನ್ ವೆಂಡ್ರಾಫ್ 1960ರಲ್ಲಿ ಕೊಟ್ಟರು. ಮನೆಯೊಳಗೆ ಒಂದು ಇಳಿಜಾರು ಇದೆ ಎಂದು ನಂಬಿ, ಆ ಇಳಿಜಾರನ್ನು ಮುಂದಿನ ಮನೆಯ ವ್ಯತ್ಯಾಸದಿಂದ ಅಳೆಯುವುದೆಂದು ಅವರ ವಿಧಾನವನ್ನು ಓದಿಕೊಳ್ಳಬಹುದು. ಬಣ್ಣ ನಯವಾಗಿ ಬದಲಾಗುವ ಕಡೆ ಇದು ಬಹಳ ಚೆನ್ನಾಗಿ ನಡೆಯುತ್ತದೆ. ಮನೆಯ ಅಗಲವನ್ನು ಅರ್ಧ ಮಾಡಿದರೆ ತಪ್ಪು ಕಾಲುಭಾಗಕ್ಕೆ ಇಳಿಯುತ್ತದೆ, ಅಂದರೆ ಎರಡನೆಯ ದರ್ಜೆ. ಆದರೆ ನಮ್ಮ ಮೂರನೆಯ ಮನೆಯಲ್ಲಿ ಏನಾಗುತ್ತದೆ ನೋಡಿ. ಮುಂದಿನ ಮನೆ 0, ಇದು 100, ಹಾಗಾಗಿ ಇಳಿಜಾರು ಒಂದು ಮನೆಗೆ 100ರಷ್ಟು. ಮನೆಯ ನಡುವೆ 100 ಇದ್ದರೆ ಬಲ ಅಂಚಿನಲ್ಲಿ 50, ಎಡ ಅಂಚಿನಲ್ಲಿ 150! ಇಡೀ ಕಾಲುವೆಯಲ್ಲಿ ಎಲ್ಲೂ ಇಲ್ಲದ 150ನ್ನು ಲೆಕ್ಕ ತಾನೇ ಹುಟ್ಟಿಸಿಕೊಂಡಿತು. ಬಲ ಅರ್ಧದ ಸರಾಸರಿ 75 ಎಂದು ನಂಬಿ ಅಷ್ಟನ್ನೇ ಹೊಸ್ತಿಲು ದಾಟಿಸಿತು. ಹಿಂದಿನ ಮನೆಯಿಂದ ಬಂದದ್ದು 100ರ ಗಾಢತೆ, ಹೋದದ್ದು 75ರ ಗಾಢತೆ, ಅರ್ಧ ಮನೆಯ ಲೆಕ್ಕದಲ್ಲಿ ಒಳಗೆ ಉಳಿದುಕೊಂಡದ್ದು 12.5. ಮೂರನೆಯ ಮನೆ 112.5 ಆಯಿತು, ನಾಲ್ಕನೆಯದು 37.5. ಎರಡನೆಯ ಹೆಜ್ಜೆ ಮುಗಿಯುವಷ್ಟರಲ್ಲಿ ಸಾಲು ಹೀಗಿರುತ್ತದೆ: 100, 98.4, 117.2, 70.3, 14.1, 0. ಗುಡ್ಡ ಇನ್ನೂ ಏರಿದೆ, ಅದರ ಹಿಂದೆ ಒಂದು ಕುಳಿಯೂ ಬಿದ್ದಿದೆ. ಗರಗಸದ ಮೊದಲ ಹಲ್ಲು ಇದೇ.

ಈ ಲೆಕ್ಕದಲ್ಲಿ ಮನೆಯ ಅಗಲ ಎಷ್ಟೆಂದು ನಾನು ಹೇಳಲೇ ಇಲ್ಲ, ಗಮನಿಸಿದಿರಾ? ಒಂದು ಮೀಟರ್ ಇರಲಿ, ಒಂದು ಮಿಲಿಮೀಟರ್ ಇರಲಿ, ವಿಧಾನದ ಕಣ್ಣಿಗೆ ಬೀಳುವುದು ಅದೇ 100 ಮತ್ತು 0. ಜಾಲರಿಯನ್ನು ಎಷ್ಟು ಸೂಕ್ಷ್ಮಗೊಳಿಸಿದರೂ ಜಿಗಿತವೆಂಬುದು ಜಿಗಿತವಾಗಿಯೇ ಉಳಿಯುತ್ತದೆ, 112.5 ಕೂಡ 112.5 ಆಗಿಯೇ ಬರುತ್ತದೆ. ಬಣ್ಣದ ಮಟ್ಟಿಗೆ ಇದು ಕಣ್ಣಿಗೆ ಕಿರಿಕಿರಿ ಅಷ್ಟೇ. ಅನಿಲದ ಲೆಕ್ಕದಲ್ಲಿ ಇದೇ ಕುಳಿ ಒತ್ತಡವನ್ನು ಸೊನ್ನೆಗಿಂತ ಕೆಳಗೆ ತಳ್ಳಬಹುದು. ಶಬ್ದದ ವೇಗಕ್ಕೆ ಒತ್ತಡವನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು. ಋಣ ಸಂಖ್ಯೆಯ ವರ್ಗಮೂಲ ಕೇಳಿದೊಡನೆ ಪರದೆಯ ಮೇಲೆ ‘ಇದು ಸಂಖ್ಯೆಯಲ್ಲ’ ಎಂಬರ್ಥದ `NaN` ಮೂಡುತ್ತದೆ, ಕೆಲವೇ ಹೆಜ್ಜೆಗಳಲ್ಲಿ ಇಡೀ ಜಾಲರಿ ಅದರಿಂದ ತುಂಬಿಹೋಗುತ್ತದೆ.

ಹಾಗಿದ್ದರೆ ಏರಿಳಿತವೂ ಇಲ್ಲದ, ಎರಡನೆಯ ದರ್ಜೆಯೂ ಇರುವ ಇನ್ನೊಂದು ಸೂತ್ರ ಹುಡುಕಬಹುದಲ್ಲ? ಇಲ್ಲಿ ರಷ್ಯಾದ ಸೆರ್ಗೆಯ್ ಗೊಡುನೊವ್ ಬಾಗಿಲು ಹಾಕಿಬಿಟ್ಟಿದ್ದರು. 1959ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಒಂದು ಪ್ರಮೇಯವಿದೆ: ಹೊಸ ಗುಡ್ಡ, ಹೊಸ ಕುಳಿ ಎಬ್ಬಿಸದ ಯಾವ ರೇಖೀಯ ವಿಧಾನವೂ ಮೊದಲ ದರ್ಜೆಯನ್ನು ಮೀರಲಾರದು. ಜಾಣತನ ಸಾಲದೆ ಸಿಕ್ಕಿಲ್ಲ ಎಂದಲ್ಲ, ಅಂಥದ್ದು ಇರಲು ಸಾಧ್ಯವೇ ಇಲ್ಲ.

ಆ ವಾಕ್ಯದಲ್ಲಿ ‘ರೇಖೀಯ’ ಎಂಬ ಪದದ ಮೇಲೆ ಬೆರಳಿಡಿ. ರೇಖೀಯ ವಿಧಾನವೆಂದರೆ ಪಕ್ಕದ ಮನೆಗಳಿಗೆ ಕೊಡುವ ತೂಕ ಮೊದಲೇ ನಿಗದಿಯಾಗಿರುವುದು, ಅಲ್ಲಿ ಇರುವ ಬಣ್ಣ ಎಂಥದ್ದೆಂದು ನೋಡದೆಯೇ. ನೋಡಿ ತೂಕ ಬದಲಿಸಿದರೆ ಪ್ರಮೇಯ ನಮ್ಮನ್ನು ಕಟ್ಟಿಹಾಕಲಾರದು. ಕಾಲುವೆಯ ಸಮೀಕರಣ ಪೂರ್ತಿ ರೇಖೀಯವಾಗಿದ್ದರೂ ಅದನ್ನು ಬಿಡಿಸುವ ವಿಧಾನ ರೇಖೀಯವಾಗಿರಬೇಕಿಲ್ಲ! ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ತಿರುವು ಇದೇ. ಅಮೆರಿಕದ ನೌಕಾ ಸಂಶೋಧನಾಲಯದ ಜೇ ಬೋರಿಸ್ ಮತ್ತು ಡೇವಿಡ್ ಬುಕ್ 1973ರಲ್ಲಿ ಈ ಕಿಂಡಿಯಿಂದ ದಾಟಿದರು. ನೆದರ್ಲ್ಯಾಂಡ್ಸಿನ ಲೈಡನ್ನಿನಲ್ಲಿ ಖಗೋಳವಿಜ್ಞಾನ ಓದಿದ ಬ್ರಾಮ್ ವಾನ್ ಲೀರ್ ಅದೇ ಹೊತ್ತಿಗೆ ಶುರುಮಾಡಿ, 1979ರವರೆಗೆ ಐದು ಪ್ರಬಂಧಗಳ ಸರಣಿ ಬರೆದರು. ಇವರಿಗೂ ಮುಂಚೆ, 1972ರಲ್ಲಿ, ರಷ್ಯಾದ ವ್ಲಾದಿಮಿರ್ ಕೋಲ್ಗಾನ್ ಇದನ್ನೇ ಮಾಡಿದ್ದರು. ಅವರು 1978ರಲ್ಲಿ ತೀರಿಕೊಂಡರು. ಆ ಪ್ರಬಂಧದ ಇಂಗ್ಲಿಷ್ ಅನುವಾದ ಅಚ್ಚಾದದ್ದು 2011ರಲ್ಲಿ, ಹೀಗೊಂದು ಕೆಲಸ ಮರೆತುಹೋಗಿತ್ತೆಂದು ಅದರ ಜೊತೆಗೇ ಬರೆದವರು ಸ್ವತಃ ವಾನ್ ಲೀರ್. ಇದನ್ನು ನೆನೆದಾಗ ನನ್ನ ಮನಸ್ಸು ಇಂದಿಗೂ ಭಾರವಾಗುತ್ತದೆ.

ಇನ್ನು ನೋಡುವುದು ಹೇಗೆ? ಪ್ರತಿ ಹೊಸ್ತಿಲಿನಲ್ಲಿ ನಿಂತು ಹಿಂದಿನ ಇಳಿಜಾರನ್ನು ಮುಂದಿನ ಇಳಿಜಾರಿನಿಂದ ಭಾಗಿಸಬೇಕು. ಬಂದ ಸಂಖ್ಯೆಗೆ `r` ಎಂದು ಹೆಸರು. ಘಾಟಿಯ ದಾರಿಯಲ್ಲಿ ಇಳಿಯುವವನು ಕಾಲಿನಡಿಯ ಇಳಿಜಾರಿಗೂ ಕಣ್ಣೆದುರಿನ ಇಳಿಜಾರಿಗೂ ತಾಳೆ ನೋಡುವ ಹಾಗೆ. ಎರಡೂ ಒಂದೇ ಆಗಿದ್ದರೆ `r` ಒಂದು. ದಾರಿ ನಯವಾಗಿದೆ, ಧೈರ್ಯವಾಗಿ ಕಾಲು ಹಾಕಬಹುದು. ಇಷ್ಟು ಹೊತ್ತು ಸಮತಟ್ಟು, ಎದುರಿಗೆ ಪ್ರಪಾತ ಎಂದರೆ `r` ಸೊನ್ನೆ. ಇಷ್ಟು ಹೊತ್ತು ಏರು, ಈಗ ಇಳಿತ ಎಂದರೆ `r` ಋಣಸಂಖ್ಯೆ, ನಾವು ನೆತ್ತಿಯ ಮೇಲಿದ್ದೇವೆ. ಲ್ಯಾಕ್ಸ್-ವೆಂಡ್ರಾಫ್ ವಿಧಾನದ ಇಳಿಜಾರನ್ನು `φ(r)` ಎಂಬ ಅಂಕದಿಂದ ಗುಣಿಸಿ ಆಮೇಲೆ ಬಳಸುವುದೇ ಫ್ಲಕ್ಸ್ ಲಿಮಿಟರ್. ಅದು ಕುದುರೆಯ ಕಡಿವಾಣದಂತೆ. ಬಯಲಿನಲ್ಲಿ ಸಡಿಲ, ಪ್ರಪಾತದ ಅಂಚಿನಲ್ಲಿ ಬಿಗಿ. ವಾನ್ ಲೀರ್ 1974ರಲ್ಲಿ ಕೊಟ್ಟ ಕಡಿವಾಣ ಇದು:

```
φ(r) = (r + |r|) / (1 + |r|)
```

`r` ಒಂದಾದರೆ `φ` ಒಂದು, ಕುದುರೆ ಪೂರ್ತಿ ಓಟದಲ್ಲಿದೆ, ಎರಡನೆಯ ದರ್ಜೆ ಹಾಗೇ ಉಳಿಯಿತು. `r` ಸೊನ್ನೆಯೋ ಋಣವೋ ಆದರೆ `φ` ಸೊನ್ನೆ, ಕಲಸಿದರೂ ಸುಳ್ಳು ಹೇಳದ ಮೊದಲ ದರ್ಜೆಯ ಲೆಕ್ಕ ಉಳಿಯಿತು. `r` ಎಷ್ಟೇ ದೊಡ್ಡದಾದರೂ `φ` ಎರಡನ್ನು ಮುಟ್ಟುವುದಿಲ್ಲ.

ನಮ್ಮ ಕಾಲುವೆಗೆ ಇದನ್ನು ಹಾಕೋಣ. ಮೊದಲ ಹೆಜ್ಜೆಯಲ್ಲಿ ಮೂರನೆಯ ಮನೆಯ ಹಿಂದೆ ಸಮತಟ್ಟು, ಮುಂದೆ ಪ್ರಪಾತ. `φ` ಸೊನ್ನೆ, ನಾಲ್ಕನೆಯ ಮನೆ 50. ಎರಡನೆಯ ಹೆಜ್ಜೆಗೆ ಸಾಲು 100, 100, 100, 50, 0, 0. ಮೂರರ ಹೊಸ್ತಿಲಿನಲ್ಲಿ ಇನ್ನೂ ಬಿಗಿ. ಆದರೆ ನಾಲ್ಕರ ಹೊಸ್ತಿಲಿನಲ್ಲಿ ಹಿಂದೆ 50ರ ಇಳಿತ, ಮುಂದೆಯೂ 50ರ ಇಳಿತ, `r` ಒಂದು! ಕಡಿವಾಣ ಪೂರ್ತಿ ಸಡಿಲ. ನಾಲ್ಕನೆಯ ಮನೆಯ ಬಲ ಅರ್ಧದಲ್ಲಿ 50 ಅಲ್ಲ, 37.5 ಎಂದು ಲೆಕ್ಕ ತಿಳಿಯುತ್ತದೆ, ಅಷ್ಟು ಕಡಿಮೆ ದಾಟಿಸುತ್ತದೆ. ಫಲ: ನಾಲ್ಕನೆಯ ಮನೆ 81.25, ಐದನೆಯದು 18.75, ಮೂರನೆಯದು 100. ಎಲ್ಲೂ 100 ಮೀರಿಲ್ಲ, ಮೊದಲಿನ 300ಕ್ಕೆ ಎರಡು ಹೆಜ್ಜೆಯಲ್ಲಿ ಎಡದಿಂದ ಹರಿದು ಬಂದ 100 ಸೇರಿ ಒಟ್ಟು ಬಣ್ಣ ಸರಿಯಾಗಿ 400 ಇದೆ, ಅಂಚು 75–25ಕ್ಕಿಂತ ಚೂಪಾಗಿದೆ. ಎರಡೇ ಹೆಜ್ಜೆಗೆ ಇಷ್ಟು. ನೂರು ಹೆಜ್ಜೆ ನಡೆದರೆ ಈ ಎರಡರ ನಡುವಿನ ಅಂತರ ಬರಿಗಣ್ಣಿಗೇ ಕಾಣುತ್ತದೆ.

ಯಾವ ಕಡಿವಾಣ ಸುರಕ್ಷಿತ ಎಂಬುದಕ್ಕೆ ಅಮಿ ಹಾರ್ಟೆನ್ 1983ರಲ್ಲಿ ಒಂದು ನಿಯಮ ಕೊಟ್ಟರು: ಸಾಲಿನ ಎಲ್ಲ ಏರಿಳಿತಗಳನ್ನು ಕೂಡಿಸಿದ ಮೊತ್ತ ಹೆಜ್ಜೆಯಿಂದ ಹೆಜ್ಜೆಗೆ ಹೆಚ್ಚಬಾರದು. ಮರುವರ್ಷ ಪೀಟರ್ ಸ್ವೀಬಿ, `φ` ಎಲ್ಲೆಲ್ಲಿ ಇದ್ದರೆ ಈ ನಿಯಮವೂ ಎರಡನೆಯ ದರ್ಜೆಯೂ ಉಳಿಯುತ್ತವೆ ಎಂದು ನಕ್ಷೆ ಬರೆದು ತೋರಿಸಿದರು. ಆ ನಕ್ಷೆಯ ಕೆಳದಂಡೆಯಲ್ಲಿ ನಡೆಯುವ ಕಡಿವಾಣ ಮಿನ್‌ಮಾಡ್, ತೀರ ಎಚ್ಚರದ್ದು, ಅಂಚನ್ನು ತುಸು ಕಲಸುತ್ತದೆ. ಮೇಲ್ದಂಡೆಯಲ್ಲಿ ಸೂಪರ್‌ಬೀ. ಅದು ಅಂಚನ್ನು ಅದ್ಭುತವಾಗಿ ಚೂಪಾಗಿಡುತ್ತದೆ, ಆದರೆ ನಯವಾದ ಅಲೆಯನ್ನು ಕೊಟ್ಟರೆ ಅದನ್ನೂ ಮೆಟ್ಟಿಲಿನಂತೆ ಕೆತ್ತಿಬಿಡುತ್ತದೆ. ನಿಮ್ಮ ಸೈನ್ ಅಲೆಯ ನೆತ್ತಿ ಚಪ್ಪಟೆಯಾಗಿ ಬದಿಗಳು ಕಡಿದಾಗಿದ್ದರೆ ಕಾರಣ ಅಲ್ಲಿ ಹುಡುಕಿ.

ವಾನ್ ಲೀರ್ ಕಡಿವಾಣ ನಡುದಾರಿಯದು. ಆದರೂ ಅದಕ್ಕೆ ದಾಟಲಾಗದ ಒಂದು ಮಿತಿ ಇದೆ, ಅದನ್ನೂ ಸಂಖ್ಯೆಯಲ್ಲೇ ನೋಡೋಣ. ಈ ಸಲ ಜಿಗಿತವಿಲ್ಲ, ನಯವಾದ ಒಂದು ದಿಬ್ಬ: 60, 90, 100, 90, 60. ಅರ್ಧ ಮನೆ ಸರಿದ ಮೇಲೆ ನೆತ್ತಿಯ ಎರಡು ಮನೆಗಳೂ 97.5 ಆಗಬೇಕು. ಲ್ಯಾಕ್ಸ್-ವೆಂಡ್ರಾಫ್ ಸರಿಯಾಗಿ 97.5 ಕೊಡುತ್ತದೆ. ಲಿಮಿಟರ್ ಹಾಕಿದ ವಿಧಾನ ನೆತ್ತಿಯ ಹೊಸ್ತಿಲಿನಲ್ಲಿ ನಿಂತು ನೋಡುತ್ತದೆ: ಹಿಂದೆ 10ರ ಏರು, ಮುಂದೆ 10ರ ಇಳಿತ, `r` ಮೈನಸ್ ಒಂದು. ಕಡಿವಾಣ ಬಿಗಿಯುತ್ತದೆ, ಉತ್ತರ 96.875 ಬರುತ್ತದೆ. ಹೆಜ್ಜೆ ಹೆಜ್ಜೆಗೂ ನೆತ್ತಿ ಹೀಗೆ ಸವೆಯುತ್ತದೆ. ಹಾಗಾಗಿ ಇಂಥ ವಿಧಾನವನ್ನು ಸೈನ್ ಅಲೆಯ ಮೇಲೆ ಪರೀಕ್ಷಿಸಿ, ಮನೆಯ ಅಗಲ ಅರ್ಧ ಮಾಡಿದಾಗ ಅತಿ ದೊಡ್ಡ ತಪ್ಪು ಕಾಲುಭಾಗಕ್ಕೆ ಇಳಿಯದಿದ್ದರೆ ಗಾಬರಿಯಾಗಿ ಪ್ರೋಗ್ರಾಮಿನಲ್ಲಿ ದೋಷ ಹುಡುಕಬೇಡಿ. ಆ ತಪ್ಪು ಎಲ್ಲಿ ಕುಳಿತಿದೆ ಎಂದು ಮೊದಲು ನೋಡಿ. ಶಿಖರದಲ್ಲೂ ಕಣಿವೆಯಲ್ಲೂ ಮಾತ್ರ ಇದ್ದರೆ ಅದು ಕಡಿವಾಣದ ಕೆಲಸ. ಏರು ಇಳಿಜಾರುಗಳ ಮೇಲೂ ಇದ್ದರೆ ಆಗ ದೋಷ ನಿಮ್ಮದು.

ಮೂರು ಮನೆಗಳನ್ನಷ್ಟೇ ನೋಡುವವರೆಗೆ ಇದಕ್ಕೆ ಮದ್ದಿಲ್ಲ. 90, 100, 90 ಎಂಬ ಮೂರು ಸಂಖ್ಯೆಗಳು ನಿಜವಾದ ದಿಬ್ಬವೋ, ಈಗಷ್ಟೇ ಹುಟ್ಟಿದ ಸುಳ್ಳು ಹಲ್ಲೋ ಎಂದು ಆ ಮೂರರಿಂದಲೇ ಹೇಳಲು ಬರುವುದಿಲ್ಲ. ಅದಕ್ಕೆ ಇನ್ನೂ ಆಚೆಯ ಮನೆಗಳನ್ನು ನೋಡಬೇಕು. 1987ರಲ್ಲಿ ಹಾರ್ಟೆನ್ ಮತ್ತು ಸಂಗಡಿಗರು ಹಾಗೆ ಇನ್ನಷ್ಟು ಮನೆಗಳನ್ನು ಇಣುಕಿ, ಅವುಗಳಲ್ಲಿ ನಯವಾದ ಕಡೆಯದನ್ನು ಆರಿಸಿಕೊಳ್ಳುವ ಈನೋ ವಿಧಾನವನ್ನು ಕಟ್ಟಿದರು.