ಒಂದೇ ಬಿಂದುವಿಗೆ ಇಳಿಜಾರು ಎಲ್ಲಿಂದ ಬಂತು?

ಸರಳರೇಖೆಯ ಇಳಿಜಾರನ್ನು ಕಂಡುಹಿಡಿಯುವುದು ಹೈಸ್ಕೂಲಿನ ಲೆಕ್ಕ. ರೇಖೆಯ ಮೇಲೆ ಎರಡು ಬಿಂದುಗಳನ್ನು ಆರಿಸಿಕೊಂಡು, ಎಷ್ಟು ಮೇಲೇರಿದೆವು ಎಂಬುದನ್ನು ಎಷ್ಟು ಮುಂದೆ ಸಾಗಿದೆವು ಎಂಬುದರಿಂದ ಭಾಗಿಸಿದರೆ ಮುಗಿಯಿತು. ಪಿಯುಸಿಗೆ ಬಂದ ಮೇಲೆ ಪಠ್ಯಪುಸ್ತಕವು ವಕ್ರರೇಖೆಯ ಒಂದೇ ಒಂದು ಬಿಂದುವನ್ನು ತೋರಿಸಿ, ಅಲ್ಲಿ ಇಳಿಜಾರು ಎಷ್ಟು ಎಂದು ಕೇಳುತ್ತದೆ. ಆ ಉತ್ತರಕ್ಕೆ ಡಿರೈವೇಟಿವ್ ಅಥವಾ ಅವಕಲನ ಎಂದು ಹೆಸರಿಟ್ಟು, ಕೆಳಗಿನ ಸೂತ್ರವನ್ನು ಕೊಟ್ಟು, ಮುಂದಿನ ಪುಟಕ್ಕೆ ಹೋಗಿಬಿಡುತ್ತದೆ.

f'(a) = lim (h→0) [f(a+h) − f(a)] / h

ಮಿತಿಯನ್ನು ಸೂಚಿಸುವ lim ಗುರುತಿನ ಮುಂದಿರುವ ಭಿನ್ನರಾಶಿಯು ಎರಡು ಬಿಂದುಗಳನ್ನು ಸೇರಿಸುವ ಛೇದಕದ ಇಳಿಜಾರು. ನಮಗೆ ಬೇಕಾದದ್ದು ಒಂದೇ ಬಿಂದುವಿನಲ್ಲಿ ತಾಗುವ ಸ್ಪರ್ಶಕದ ಇಳಿಜಾರು. ಸ್ಪರ್ಶಕ ಬೇಕೆಂದವರಿಗೆ ಛೇದಕಗಳ ಸಾಲನ್ನೇ ಏಕೆ ತೋರಿಸುತ್ತಾರೆ? ಈ ಸೂತ್ರ ಸಿದ್ಧವಾಗಲು ಗಣಿತಜ್ಞರು ಸುಮಾರು ಇನ್ನೂರು ವರ್ಷ ತಿಣುಕಿದ್ದಾರೆ. ಆದ್ದರಿಂದ ವಿದ್ಯಾರ್ಥಿಗೆ ಒಂದು ತರಗತಿಯಲ್ಲಿ ಅರ್ಥವಾಗದಿದ್ದರೆ ಅದರಲ್ಲಿ ಅವಮಾನವೇನೂ ಇಲ್ಲ.

ಮೊದಲ ತೊಡಕು ಸ್ಪರ್ಶಕ ಎಂದರೆ ಏನು ಎಂಬಲ್ಲೇ ಇದೆ. ವೃತ್ತದ ಪಾಠದಲ್ಲಿ ‘ಒಂದೇ ಬಿಂದುವಿನಲ್ಲಿ ತಾಗುವ ರೇಖೆ’ ಎಂದು ಕಲಿತಿರುತ್ತೇವೆ. ವೃತ್ತಕ್ಕೆ ಅದು ಸಾಕು, ಬೇರೆ ವಕ್ರರೇಖೆಗಳಿಗೆ ಸಾಲದು. y = x² ಎಂಬ ಪರವಲಯವನ್ನು x = 1 ಎಂಬ ಲಂಬರೇಖೆ ಒಂದೇ ಬಿಂದುವಿನಲ್ಲಿ ಸೇರುತ್ತದೆ, ಆದರೆ ಅದನ್ನು ಯಾರೂ ಸ್ಪರ್ಶಕ ಎನ್ನುವುದಿಲ್ಲ. ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಇದೆ: y = x³ ವಕ್ರರೇಖೆಗೆ (1, 1) ಬಿಂದುವಿನಲ್ಲಿ ಎಳೆದ ಸ್ಪರ್ಶಕ y = 3x − 2, ಅದೇ ವಕ್ರರೇಖೆಯನ್ನು (−2, −8) ಎಂಬಲ್ಲಿ ಮತ್ತೊಮ್ಮೆ ಸಂಧಿಸುತ್ತದೆ. ಹಾಗಾಗಿ ಬಿಂದುಗಳನ್ನು ಎಣಿಸಿ ಸ್ಪರ್ಶಕವನ್ನು ಗುರುತಿಸಲು ಆಗುವುದಿಲ್ಲ. ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ ಮೂರನೆಯ ಪುಸ್ತಕದ 16ನೆಯ ಪ್ರಮೇಯದಲ್ಲಿ ಇನ್ನೊಂದು ಮಾತನ್ನೂ ಹೇಳಿದ್ದಾನೆ: ವೃತ್ತಕ್ಕೂ ಸ್ಪರ್ಶಕಕ್ಕೂ ನಡುವಿನ ಸಂದಿನಲ್ಲಿ ಬೇರೆ ಯಾವ ಸರಳರೇಖೆಯನ್ನೂ ತೂರಿಸಲಾಗದು. ನಿಜವಾದ ಸುಳಿವು ಇರುವುದು ಈ ಮಾತಿನಲ್ಲಿ.

1630ರ ದಶಕದಲ್ಲಿ ಫ್ರಾನ್ಸಿನ ಟೂಲೂಸ್ ನಗರದ ನ್ಯಾಯಾಧಿಕಾರಿ ಪಿಯರ್ ಡಿ ಫರ್ಮಾ ಬಿಡುವಿನ ವೇಳೆಯಲ್ಲಿ ಗಣಿತ ಮಾಡುತ್ತಿದ್ದ. ಗರಿಷ್ಠ, ಕನಿಷ್ಠ ಬೆಲೆಗಳನ್ನೂ ಸ್ಪರ್ಶಕಗಳನ್ನೂ ಕಂಡುಹಿಡಿಯಲು ಅವನೊಂದು ಉಪಾಯ ಹೂಡಿದ. ಬಿಂದುವಿನಿಂದ ಚೂರೇ ಚೂರು ಪಕ್ಕಕ್ಕೆ ಸರಿ, ಹಳೆಯ ಬೆಲೆಯನ್ನು ಹೊಸದರೊಂದಿಗೆ ‘ಹೆಚ್ಚುಕಡಿಮೆ ಸಮ’ ಎಂದು ಇಟ್ಟುಕೊ, ಆ ಚೂರಿನಿಂದ ಭಾಗಿಸು, ಕೊನೆಯಲ್ಲಿ ಚೂರನ್ನೇ ಬಿಟ್ಟುಬಿಡು. ಉತ್ತರ ಸರಿಯಾಗಿಯೇ ಬರುತ್ತಿತ್ತು. ಏಕೆ ಬರುತ್ತದೆ ಎಂಬುದು ಮಾತ್ರ ಮಸುಕಾಗಿತ್ತು. 1638ರಲ್ಲಿ ಡೆಕಾರ್ಟ್ ಈ ವಿಧಾನದ ಮೇಲೆ ಹರಿಹಾಯ್ದ.

ಇದೇ ಉಪಾಯವನ್ನು ನಮ್ಮ ಪರವಲಯದ ಮೇಲೆ ಮಾಡಿ ನೋಡೋಣ. ಬಿಂದು (1, 1). ಅಲ್ಲಿಂದ h ಅಷ್ಟು ಸರಿದರೆ ಇನ್ನೊಂದು ಬಿಂದು (1+h, (1+h)²). ಎರಡನ್ನೂ ಸೇರಿಸುವ ಛೇದಕದ ಇಳಿಜಾರು ಹೀಗಿದೆ:

[(1+h)² − 1] / h = (2h + h²) / h = 2 + h

h = 1 ಆದರೆ ಇಳಿಜಾರು 3. h = 0.1 ಆದರೆ 2.1, h = 0.01 ಆದರೆ 2.01. ಎಡಗಡೆಯಿಂದ ಬಂದರೂ ಕಥೆ ಇದೇ: h = −0.1 ಆದರೆ 1.9, h = −0.01 ಆದರೆ 1.99. ಇವೆಲ್ಲ 2ರ ಸುತ್ತ ಬಿಗಿಯಾಗುತ್ತಿವೆ ಎಂದು ಯಾರಿಗಾದರೂ ಕಾಣುತ್ತದೆ. ಆದರೆ 2 ಎಂಬ ಇಳಿಜಾರು ಇವುಗಳಲ್ಲಿ ಒಂದಕ್ಕೂ ಇಲ್ಲ. ಅದನ್ನು ಪಡೆಯಲು h = 0 ಎಂದು ಇಟ್ಟರೆ ಮೂಲ ಭಿನ್ನರಾಶಿ 0/0 ಆಗಿಬಿಡುತ್ತದೆ. ಎರಡು ಬಿಂದುಗಳು ಒಂದಾದ ಮೇಲೆ ಅವುಗಳನ್ನು ಸೇರಿಸುವ ರೇಖೆ ಯಾವುದೆಂದು ಹೇಳಲಾಗದು. ಒಂದು ಬಿಂದುವಿನ ಮೂಲಕ ಎಷ್ಟು ರೇಖೆಗಳನ್ನು ಬೇಕಾದರೂ ಎಳೆಯಬಹುದಲ್ಲ.

ಈ ಬಿರುಕಿಗೇ ಕೈ ಹಾಕಿದವನು ಐರ್ಲೆಂಡಿನ ಬಿಷಪ್ ಜಾರ್ಜ್ ಬರ್ಕ್ಲಿ. ಅಷ್ಟರಲ್ಲಿ ನ್ಯೂಟನ್, ಲೈಬ್ನಿಟ್ಸ್ ಇಬ್ಬರೂ ಕಲನಶಾಸ್ತ್ರವನ್ನು ಕಟ್ಟಿ, ಅದರಿಂದ ಗ್ರಹಗಳ ಚಲನೆಯವರೆಗೆ ಲೆಕ್ಕಗಳು ನಡೆದಿದ್ದವು. 1734ರಲ್ಲಿ ಪ್ರಕಟವಾದ ಬರ್ಕ್ಲಿಯ ಪುಸ್ತಕದ ತಕರಾರು ಸರಳ: ಭಾಗಿಸುವಾಗ h ಸೊನ್ನೆಯಲ್ಲ ಎನ್ನುತ್ತೀರಿ, ಭಾಗಾಕಾರ ಮುಗಿದೊಡನೆ ಅದೇ h ಸೊನ್ನೆ ಎನ್ನುತ್ತೀರಿ. ಮೊದಲ ಊಹೆಯನ್ನು ಕೈಬಿಟ್ಟ ಮೇಲೆ ಅದರಿಂದ ಬಂದ ಫಲವನ್ನು ಮಾತ್ರ ಹೇಗೆ ಇಟ್ಟುಕೊಳ್ಳುತ್ತೀರಿ? ಇವು ಅಳಿದುಹೋದ ಪರಿಮಾಣಗಳ ದೆವ್ವಗಳೇ ಎಂದು ಅವನು ಅಣಕಿಸಿದ. ಬರ್ಕ್ಲಿಗೆ ಗಣಿತದ ಮೇಲೆ ದ್ವೇಷವಿತ್ತು ಎಂದು ತಳ್ಳಿಹಾಕುವವರು ಇದ್ದಾರೆ, ಆದರೆ ಈ ಒಂದು ವಿಷಯದಲ್ಲಿ ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಇಂದಿಗೂ ‘h ಸೊನ್ನೆ ಹಾಕಿ, ಉತ್ತರ 2’ ಎಂದು ಬರೆಯುವ ವಿದ್ಯಾರ್ಥಿಯ ಉತ್ತರಪತ್ರಿಕೆಗೆ ಆ ತಕರಾರು ಅನ್ವಯಿಸುತ್ತದೆ.

ಉತ್ತರದ ಬೀಜ ನ್ಯೂಟನ್ನನ ಬಳಿಯೇ ಇತ್ತು. 1687ರ ಪ್ರಿನ್ಸಿಪಿಯಾದಲ್ಲಿ ಅವನು, ಅಂತಿಮ ಅನುಪಾತ ಎಂದರೆ ಅಂತಿಮ ಪರಿಮಾಣಗಳ ಅನುಪಾತವಲ್ಲ, ಪರಿಮಾಣಗಳು ಕುಗ್ಗುತ್ತ ಹೋದಂತೆ ಅವುಗಳ ಅನುಪಾತವು ಯಾವುದರ ಹತ್ತಿರ ಬರುತ್ತದೋ ಆ ಮಿತಿ ಎಂದಿದ್ದ. ಇದನ್ನು ಛೇದಕಗಳ ಭಾಷೆಯಲ್ಲಿ ಬಿಡಿಸಿ ಹೇಳಿದವನು ಫ್ರಾನ್ಸಿನ ದಲಾಂಬೆರ್. 1754ರಲ್ಲಿ ಫ್ರೆಂಚ್ ವಿಶ್ವಕೋಶದ ನಾಲ್ಕನೆಯ ಸಂಪುಟಕ್ಕೆ ಬರೆದ ಲೇಖನದಲ್ಲಿ ಅವನೂ ಪರವಲಯವನ್ನೇ ಉದಾಹರಣೆಗೆ ತೆಗೆದುಕೊಂಡ. ಛೇದಕದ ಎರಡು ಬಿಂದುಗಳು ಹತ್ತಿರವಾದಷ್ಟೂ ಅದರ ಅನುಪಾತವನ್ನು ಒಂದು ನಿಗದಿತ ಬೆಲೆಯ ಸಮೀಪಕ್ಕೆ, ನಮಗೆ ಬೇಕಾದಷ್ಟು ಸಮೀಪಕ್ಕೆ, ತರಬಹುದು. ಆ ಬೆಲೆಯೇ ಸ್ಪರ್ಶಕದ್ದು, ಏಕೆಂದರೆ ಸ್ಪರ್ಶಕವು ಛೇದಕಗಳ ಮಿತಿ. h ಸೊನ್ನೆ ಆಗುವ ಪ್ರಸಂಗವೇ ಈ ವಾದದಲ್ಲಿ ಬರುವುದಿಲ್ಲ.

ಸ್ಪರ್ಶಕವು ಛೇದಕಗಳ ಮಿತಿ ಎಂಬುದನ್ನು ಒಪ್ಪುವುದಾದರೂ ಏಕೆ? ಇಲ್ಲಿ ಸ್ವಲ್ಪ ನಿಲ್ಲಬೇಕು. (1, 1) ಮೂಲಕ ಇಳಿಜಾರು 2.1 ಇರುವ ರೇಖೆಯೊಂದನ್ನು ಎಳೆಯಿರಿ. ಮೇಲಿನ ಲೆಕ್ಕದ ಪ್ರಕಾರ 2 + h = 2.1 ಆಗುವುದು h = 0.1 ಆದಾಗ. ಅಂದರೆ ಈ ರೇಖೆ x = 1.1ರಲ್ಲಿ ಪರವಲಯವನ್ನು ಮತ್ತೆ ಕತ್ತರಿಸುತ್ತದೆ. ಅದು ಸ್ಪರ್ಶಕದ ವೇಷದಲ್ಲಿರುವ ಛೇದಕ. ಇಳಿಜಾರು 2.0001 ಎಂದು ಇಟ್ಟರೂ ಬಿಡುಗಡೆಯಿಲ್ಲ, x = 1.0001ರಲ್ಲಿ ಸಿಕ್ಕಿಬೀಳುತ್ತದೆ. 1.9999 ಆದರೆ ಎಡಗಡೆ 0.9999ರಲ್ಲಿ. 2ನ್ನು ಬಿಟ್ಟು ಯಾವ ಇಳಿಜಾರನ್ನು ಹೇಳಿದರೂ ಅದು ಯಾವುದೋ ಒಂದು ಛೇದಕದ ಸೊತ್ತು. ಯಾವ ಛೇದಕಕ್ಕೂ ಸಿಗದೆ ಉಳಿಯುವ ಇಳಿಜಾರು 2 ಒಂದೇ.

ಪರವಲಯವಲ್ಲದೆ ಬೇರೆ ವಕ್ರರೇಖೆಗಳಿಗೂ ಹೊಂದುವಂತೆ ಇದನ್ನೇ ಇನ್ನೊಂದು ರೀತಿಯಲ್ಲಿ ಅಳೆಯಬಹುದು. (1, 1) ಮೂಲಕ ಹೋಗುವ m ಇಳಿಜಾರಿನ ರೇಖೆಗೂ ನಮ್ಮ ಪರವಲಯಕ್ಕೂ h ದೂರದಲ್ಲಿ ಇರುವ ಅಂತರ (2 − m)h + h². m = 2 ಆದರೆ ಉಳಿಯುವುದು h² ಮಾತ್ರ. h = 0.01 ಇದ್ದಾಗ ಸ್ಪರ್ಶಕವು ವಕ್ರರೇಖೆಯಿಂದ ದೂರ ಇರುವುದು 0.0001, ಇಳಿಜಾರು 2.1ರ ರೇಖೆ ದೂರ ಇರುವುದು 0.0009, ಒಂಬತ್ತು ಪಟ್ಟು. h = 0.001ಕ್ಕೆ ಇಳಿದರೆ ಅದು 99 ಪಟ್ಟು. ಬಿಂದುವಿನ ಹತ್ತಿರ ಹೋದಷ್ಟೂ ಉಳಿದ ರೇಖೆಗಳೆಲ್ಲ ಹಿಂದೆ ಬೀಳುತ್ತವೆ. ಅಂದರೆ ಸ್ಪರ್ಶಕಕ್ಕೂ ವಕ್ರರೇಖೆಗೂ ನಡುವೆ ಬೇರೊಂದು ರೇಖೆಗೆ ಜಾಗವಿಲ್ಲ, ಯೂಕ್ಲಿಡ್ ವೃತ್ತದ ಬಗ್ಗೆ ಹೇಳಿದ್ದೂ ಇದನ್ನೇ. ಛೇದಕಗಳ ಮಿತಿಯನ್ನು ಹಿಡಿದರೆ ಆ ಗುಣ ತಾನಾಗಿ ಬರುತ್ತದೆ.

(ಅವಕಲನದ ಇನ್ನೊಂದು ರೂಪವಾದ ಕ್ಷಣದ ವೇಗವೆಂಬ ಕಲ್ಪನೆ ಯುರೋಪಿನ ಸೊತ್ತಷ್ಟೇ ಅಲ್ಲ. ಎರಡನೆಯ ಭಾಸ್ಕರಾಚಾರ್ಯರು 1150ರ ಸಿದ್ಧಾಂತ ಶಿರೋಮಣಿಯಲ್ಲಿ ಗ್ರಹದ ದಿನದ ಸ್ಥೂಲ ಗತಿಯನ್ನು ಬೇರೆ, ತಾತ್ಕಾಲಿಕ ಗತಿಯನ್ನು ಬೇರೆ ಎಂದು ಎಣಿಸಿ ಎರಡನೆಯದನ್ನೂ ಲೆಕ್ಕ ಹಾಕಿದ್ದರು. ಆದರೆ ಅವರ ಲೆಕ್ಕ ಜ್ಯಾ, ಅಂದರೆ ಸೈನ್ ಬೆಲೆಗಳ, ಕೋಷ್ಟಕದ ವ್ಯತ್ಯಾಸಗಳಿಂದ ಹೊರಟದ್ದು. ಯಾವುದೇ ವಕ್ರರೇಖೆಗೆ ಅನ್ವಯಿಸುವ ಮಿತಿಯ ವ್ಯಾಖ್ಯೆ ಅಲ್ಲಿಲ್ಲ.)

ದಲಾಂಬೆರ್ ಚಿತ್ರವನ್ನು ಸರಿಯಾಗಿ ಬಿಡಿಸಿದ, ಆದರೆ ವಾದ ಇನ್ನೂ ಚಿತ್ರಕ್ಕೆ ಅಂಟಿಕೊಂಡಿತ್ತು. ಪ್ಯಾರಿಸಿನ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದ ಕೋಶಿ 1823ರಲ್ಲಿ ತನ್ನ ಪಾಠಗಳ ಸಾರಾಂಶವನ್ನು ಅಚ್ಚು ಹಾಕಿಸಿದಾಗ ಸ್ಪರ್ಶಕದ ಮಾತನ್ನೇ ಪಕ್ಕಕ್ಕಿಟ್ಟ. ವ್ಯತ್ಯಾಸಗಳ ಅನುಪಾತಕ್ಕೆ ಮಿತಿ ಇದ್ದರೆ ಆ ಮಿತಿಯೇ ಅವಕಲನ, ಅಷ್ಟೇ. ಮೊದಲು ಸ್ಪರ್ಶಕ, ಅದರಿಂದ ಇಳಿಜಾರು ಎಂಬ ಕ್ರಮ ತಲೆಕೆಳಗಾಯಿತು: ಈಗ ಮಿತಿ ಮೊದಲು, ಆ ಇಳಿಜಾರಿನಲ್ಲಿ ಎಳೆದ ರೇಖೆಯೇ ಸ್ಪರ್ಶಕ. ‘ಬೇಕಾದಷ್ಟು ಸಮೀಪ’ ಎಂಬುದನ್ನು ಮುಂದೆ ವೈರ್‌ಸ್ಟ್ರಾಸ್ ಬರ್ಲಿನ್ನಿನ ಪಾಠಗಳಲ್ಲಿ ಇನ್ನಷ್ಟು ಬಿಗಿಮಾಡಿದ. ನೀವು ಒಂದು ಅಂತರವನ್ನು ಹೇಳಿ, ಉದಾಹರಣೆಗೆ 0.001, h ಸೊನ್ನೆಯಾಗದೆ 0.001ಕ್ಕಿಂತ ಚಿಕ್ಕದಾಗಿದ್ದರೆ 2 + h ಎಂಬುದು 2ರಿಂದ ಅಷ್ಟರೊಳಗೇ ಇರುತ್ತದೆ ಎಂದು ನಾನು ತೋರಿಸುತ್ತೇನೆ. ಯಾವ ಅಂತರ ಹೇಳಿದರೂ ಹೀಗೆ ತೋರಿಸಲು ಸಾಧ್ಯವಾದರೆ ಮಿತಿ 2. ಇದರಲ್ಲಿ h ಒಮ್ಮೆಯೂ ಸೊನ್ನೆಯಾಗಲಿಲ್ಲ, ಬರ್ಕ್ಲಿಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

ಮಿತಿಯ ಬದಲು ‘ಅತ್ಯಂತ ಚಿಕ್ಕ h’ ಒಂದನ್ನು ಹಾಕಿಬಿಟ್ಟರೆ ಏನಾಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ನೋಡಬಹುದು. ಪೈಥಾನ್‌ನಲ್ಲಿ ಇದನ್ನು ಓಡಿಸಿ:

```
for h in [0.1, 1e-4, 1e-16]:
    print(((1 + h)**2 - 1) / h)
```

ಮೊದಲ ಉತ್ತರ 2.1ರ ಆಸುಪಾಸು, ಎರಡನೆಯದು 2.0001ರ ಆಸುಪಾಸು, ಮೂರನೆಯದು 0. ಯಂತ್ರ ಇಟ್ಟುಕೊಳ್ಳುವುದು ಸುಮಾರು 16 ಅಂಕಿಗಳನ್ನು ಮಾತ್ರ. 10⁻¹⁶ ಅಷ್ಟು ಸರಿದರೆ ಅದರ ಲೆಕ್ಕದಲ್ಲಿ ಎರಡನೆಯ ಬಿಂದು ಮೊದಲನೆಯದರ ಮೇಲೆಯೇ ಕೂತುಬಿಡುತ್ತದೆ, ಛೇದಕ ಮಾಯವಾಗುತ್ತದೆ.

ಕೋಶಿಯ ವ್ಯಾಖ್ಯೆಯಲ್ಲಿ ‘ಮಿತಿ ಇದ್ದರೆ’ ಎಂಬ ಷರತ್ತನ್ನು ಮರೆಯಬಾರದು. y = |x| ಎಂಬ ವಿ ಆಕಾರದ ರೇಖೆಯ ತಳದ ಮೂಲೆಯನ್ನೇ ನೋಡಿ. ಮೂಲೆಯಿಂದ ಬಲಕ್ಕೆ ಎಳೆದ ಪ್ರತಿ ಛೇದಕದ ಇಳಿಜಾರು 1, ಎಡಕ್ಕೆ ಎಳೆದ ಪ್ರತಿಯೊಂದರದೂ −1. ಎಷ್ಟೇ ಹತ್ತಿರ ಬಂದರೂ ಇವೆರಡು ಒಂದಾಗುವುದಿಲ್ಲ, ಆದ್ದರಿಂದ ಅಲ್ಲಿ ಅವಕಲನವಿಲ್ಲ. ಮೂಲೆಯ ಎರಡೂ ಪಕ್ಕದಲ್ಲಿ ಸಮಾನ ದೂರದ ಬಿಂದುಗಳನ್ನು ಸೇರಿಸಿ ಲೆಕ್ಕ ಹಾಕಿದರೆ ಮಾತ್ರ ಇಳಿಜಾರು 0 ಎಂದು ಬರುತ್ತದೆ. ಈ ವಿಧಾನವನ್ನು ಬಳಸುವ ಕ್ಯಾಲ್ಕುಲೇಟರುಗಳು ಆ ಸೊನ್ನೆಯನ್ನೇ ಧೈರ್ಯವಾಗಿ ತೋರಿಸುತ್ತವೆ. ನಮ್ಮ ವ್ಯಾಖ್ಯೆ ಕೇಳುವುದು ಒಂದು ತುದಿ ಆ ಬಿಂದುವಿನಲ್ಲೇ ನೆಟ್ಟಿರುವ ಛೇದಕಗಳನ್ನು.

ಇಂಥ ಮೂಲೆಗಳು ವಕ್ರರೇಖೆಯಲ್ಲಿ ಅಲ್ಲಲ್ಲಿ ಇದ್ದಾವು, ಉಳಿದಂತೆ ಅವಕಲನ ಸಿಕ್ಕೇ ಸಿಗುತ್ತದೆ ಎಂದು ಆ ಕಾಲದ ಹಲವು ಗಣಿತಜ್ಞರು ನಂಬಿದ್ದರು. 1872ರಲ್ಲಿ ವೈರ್‌ಸ್ಟ್ರಾಸ್ ಬರ್ಲಿನ್ ಅಕಾಡೆಮಿಯ ಮುಂದೆ ಒಂದು ಫಲನವನ್ನು ಇಟ್ಟ. ಅದರ ನಕ್ಷೆಯಲ್ಲಿ ಎಲ್ಲಿಯೂ ಕಡಿತವಿಲ್ಲ, ಆದರೆ ಯಾವ ಬಿಂದುವಿನಲ್ಲಿ ನಿಂತು ಛೇದಕಗಳನ್ನು ಹತ್ತಿರ ತಂದರೂ ಅವುಗಳ ಇಳಿಜಾರು ಒಂದು ಸಂಖ್ಯೆಯಲ್ಲಿ ನೆಲೆಗೊಳ್ಳುವುದಿಲ್ಲ.