‘ನಿರ್ಧಾರ ಕೈಗೊಂಡರು’ ಎನ್ನಬೇಕೋ, ‘ನಿರ್ಧರಿಸಿದರು’ ಎಂದರೆ ಸಾಕೋ?

ಪ್ರಶ್ನೆ: ವರದಿ ಬರೆಯುವಾಗ ‘ನಿರ್ಧಾರ ಕೈಗೊಂಡರು’, ‘ಪರಿಶೀಲನೆ ನಡೆಸಿದರು’ ಎಂದರೆ ತಪ್ಪೇ? ‘ನಿರ್ಧರಿಸಿದರು’, ‘ಪರಿಶೀಲಿಸಿದರು’ ಎಂದರೆ ತೀರಾ ಹಗುರವಾಗುವುದಿಲ್ಲವೇ?

ಉತ್ತರ: ತಪ್ಪಲ್ಲ. ಆದರೆ ಒಂದೇ ಕ್ರಿಯಾಪದ ಸಾಕಾಗುವ ಕಡೆ ಅದನ್ನೇ ಬರೆಯಿರಿ. ಪ್ರಶ್ನೆಯ ಮೊದಲ ಭಾಗಕ್ಕೆ ಇಷ್ಟೇ ಉತ್ತರ. ಎರಡನೆಯ ಭಾಗದಲ್ಲಿರುವ ‘ಹಗುರ’ ಎಂಬ ನಂಬಿಕೆಗೆ ಎಷ್ಟು ಸಲ ಉತ್ತರಿಸಿದರೂ ಅದು ಮತ್ತೆ ಬರುತ್ತದೆ. ಆದ್ದರಿಂದ ಈ ಸಲ ಅದನ್ನು ಬುಡದಿಂದಲೇ ನೋಡೋಣ.

‘ನಿರ್ಧಾರ ಕೈಗೊಂಡರು’ ಎಂಬಂಥ, ನಾಮಪದಕ್ಕೆ ಕ್ರಿಯಾಪದ ಸೇರಿಸಿದ ಜೋಡಿಪದದಿಂದ ಗೌರವ ಬರುತ್ತದೆ ಎನ್ನುತ್ತಾರೆ. ಕನ್ನಡದಲ್ಲಿ ಗೌರವ ಇರುವುದು ಕ್ರಿಯಾಪದದ ಕೊನೆಯ ‘ಅರು’ವಿನಲ್ಲಿ. ‘ನಿರ್ಧರಿಸಿದರು’ ಎಂಬಲ್ಲಿ ಅದು ಪೂರ್ತಿಯಾಗಿಯೇ ಇದೆ; ‘ಕೈಗೊಂಡರು’ ಅದಕ್ಕೆ ಏನನ್ನೂ ಸೇರಿಸುವುದಿಲ್ಲ. ಜೋಡಿಪದವೇ ಔಪಚಾರಿಕ ಎಂದೂ ಹೇಳುತ್ತಾರೆ. ಮಾತಿಗೆ ಸ್ವಲ್ಪ ಕಿವಿಗೊಡಿ: ಜನ ಸಾಮಾನ್ಯವಾಗಿ ಆಡುವುದು ‘ಚರ್ಚೆ ಮಾಡಿದ್ವಿ’, ‘ತೀರ್ಮಾನ ಮಾಡಿದ್ರು’ ಎಂದು. ‘ಚರ್ಚಿಸಿದೆವು’ ಎನ್ನುವುದೇ ಹೆಚ್ಚು ಬರಹದ ರೂಪ. ಹಾಗಾಗಿ ಒಂಟಿ ಕ್ರಿಯಾಪದ ಬರೆದರೆ ಬರಹ ಆಡುಮಾತಿಗೆ ಇಳಿಯುತ್ತದೆ ಎಂಬ ಅಂಜಿಕೆ ಬೇಡ.

ಇನ್ನು ತೂಕದ ಮಾತು. ವಾಕ್ಯಕ್ಕೆ ತೂಕ ಬರುವುದು ಯಾರು, ಏನನ್ನು, ಏನು ಮಾಡಿದರು ಎಂಬುದು ತಿಳಿದಾಗ. ಜೋಡಿಪದ ಕೆಡಿಸುವುದು ಇದನ್ನೇ. ‘ಪರಿಶೀಲನೆ ನಡೆಸು’ ಎಂದಾಗ ಕರ್ಮದ ಜಾಗದಲ್ಲಿ ‘ಪರಿಶೀಲನೆ’ ಕುಳಿತುಬಿಡುತ್ತದೆ. ನಿಜವಾದ ಕರ್ಮವಾದ ಅರ್ಜಿ ‘ಅರ್ಜಿಗಳ ಕುರಿತು’, ‘ಅರ್ಜಿಗಳ ಬಗ್ಗೆ’ ಎಂದು ಬದಿಗೆ ಸರಿಯುತ್ತದೆ, ಇಲ್ಲವೇ ಬಿಟ್ಟೇ ಹೋಗುತ್ತದೆ. ‘ಪರಿಶೀಲನೆ ನಡೆಸಲಾಗುವುದು’ ಎಂದು ವಾಕ್ಯ ಮುಗಿಸಿದರೆ ಕೊರತೆ ಕಾಣುವುದಿಲ್ಲ. ‘ಪರಿಶೀಲಿಸುತ್ತೇವೆ’ ಎಂದು ಬರೆದ ಕೂಡಲೇ ‘ಏನನ್ನು?’ ಎಂಬ ಪ್ರಶ್ನೆ ಏಳುತ್ತದೆ, ಬರೆಯುವವರು ಉತ್ತರ ಕೊಡಲೇಬೇಕಾಗುತ್ತದೆ.

ಒಂದು ವಾಕ್ಯ ತಿದ್ದಿ ನೋಡೋಣ:

‘ಸಭೆಯಲ್ಲಿ ಅರ್ಜಿಗಳ ಕುರಿತು ಕೂಲಂಕಷ ಪರಿಶೀಲನೆ ನಡೆಸಿ ಅರ್ಹರ ಆಯ್ಕೆ ಮಾಡುವ ಬಗ್ಗೆ ನಿರ್ಧಾರ ಕೈಗೊಳ್ಳಲಾಯಿತು.’

ಮೊದಲು ಕ್ರಿಯೆ ಅಡಗಿರುವ ನಾಮಪದಗಳಿಗೆ ಗೆರೆ ಎಳೆಯಿರಿ: ಪರಿಶೀಲನೆ, ಆಯ್ಕೆ, ನಿರ್ಧಾರ. ಅವನ್ನು ಪರಿಶೀಲಿಸು, ಆರಿಸು, ನಿರ್ಧರಿಸು ಎಂದು ಮಾಡಿ. ‘ಕುರಿತು’ ತೆಗೆದು ‘ಅನ್ನು’ ಹಚ್ಚಿ. ‘ಕೂಲಂಕಷ’ ಈಗ ಕ್ರಿಯೆಗೆ ವಿಶೇಷಣ, ಹಾಗಾಗಿ ‘ಕೂಲಂಕಷವಾಗಿ’ ಆಗಬೇಕು. ಅವಸರದಲ್ಲಿ ತಿದ್ದುವವರು ಹೆಚ್ಚಾಗಿ ಮರೆಯುವುದು ಇದನ್ನೇ. ಕೊನೆಗೆ, ಮಾಡಿದವರು ಯಾರೆಂದು ಹೇಳಿ. ಇಲ್ಲಿಗೆ ಬಂದಾಗ ಒಂದು ತೊಡಕು ಎದುರಾಗುತ್ತದೆ: ಅವರು ಅರ್ಹರನ್ನು ಆರಿಸಿದರೋ, ಮುಂದೆ ಆರಿಸಲು ನಿರ್ಧರಿಸಿದರೋ? ಮೂಲ ವಾಕ್ಯ ಅದನ್ನು ಹೇಳಿಯೇ ಇಲ್ಲ. ಕೇಳಿ ತಿಳಿದುಕೊಂಡು, ಆರಿಸಿದ್ದೇ ನಿಜವಾದರೆ ಹೀಗೆ ಬರೆಯಿರಿ: ‘ಸಮಿತಿಯು ಅರ್ಜಿಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಅರ್ಹರನ್ನು ಆರಿಸಿತು.’ 12 ಪದಗಳಿದ್ದದ್ದು 6ಕ್ಕೆ ಇಳಿಯಿತು, ಸಂದೇಹವೂ ಹೋಯಿತು.

ಹಾಗೆಂದು ಸಿಕ್ಕ ನಾಮಪದಕ್ಕೆಲ್ಲ ‘ಇಸು’ ಅಂಟಿಸಲು ಹೊರಡಬೇಡಿ. ‘ಸಹಿ ಮಾಡಿದರು’ ಎಂಬುದು ‘ಸಹಿಸಿದರು’ ಆದರೆ ಅವರು ತಾಳಿಕೊಂಡರು ಎಂದಾಗುತ್ತದೆ. ‘ಕ್ರಮ ಕೈಗೊಂಡರು’ ಎಂಬುದು ‘ಕ್ರಮಿಸಿದರು’ ಆದರೆ ದಾರಿ ಸವೆಸಿದರು ಎಂದರ್ಥ. ನ್ಯಾಯಾಲಯ ಪ್ರಕರಣದ ‘ವಿಚಾರಣೆ ನಡೆಸುತ್ತದೆ’. ‘ವಿಚಾರಿಸುವುದು’ ಬೇರೆ ಕೆಲಸ. ಕಾಯ್ದೆಗೆ ‘ತಿದ್ದುಪಡಿ’ ತರುತ್ತಾರೆ, ಕಾಗುಣಿತ ‘ತಿದ್ದುತ್ತಾರೆ’. ಲೆಕ್ಕ ಹೇಳಬೇಕಾದಾಗಲೂ ನಾಮಪದವೇ ಬೇಕು: ‘ಸಭೆ ಮೂರು ನಿರ್ಧಾರ ಕೈಗೊಂಡಿತು’ ಎಂಬುದನ್ನು ಹಾಗೆಯೇ ಬಿಡಿ. ಜೋಡಿ ಬಿಡಿಸಿದ ಮೇಲೆ ಅರ್ಥ ಅದೇ ಉಳಿಯಿತೇ ಎಂದು ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ಇಂಥ ಎಡವಟ್ಟು ಕೂಡಲೇ ಕಿವಿಗೆ ಬೀಳುತ್ತದೆ.

ಇನ್ನೊಂದು ಬಗೆಯ ಜೋಡಿಯ ಬಗ್ಗೆ ಯಾರೂ ಕೇಳುವುದಿಲ್ಲ, ಆದರೂ ಹೇಳಬೇಕು. ಅಚ್ಚಕನ್ನಡದ ಕ್ರಿಯಾಪದ ಕೈಯಲ್ಲಿದ್ದರೂ ಅದರಿಂದ ನಾಮಪದ ಮಾಡಿ, ಅದಕ್ಕೆ ಮತ್ತೆ ‘ಮಾಡು’, ‘ನಡೆಸು’ ಸೇರಿಸುತ್ತೇವೆ. ‘ಮಾರು’ವಿನಿಂದ ‘ಮಾರಾಟ’, ಅದರಿಂದ ‘ಮಾರಾಟ ಮಾಡು’. ‘ಹುಡುಕು’ವಿನಿಂದ ‘ಹುಡುಕಾಟ’, ಅದರಿಂದ ‘ಹುಡುಕಾಟ ನಡೆಸು’. ‘ಹಳೆಯ ಯಂತ್ರವನ್ನು ಮಾರಾಟ ಮಾಡಿದರು’ ಎಂಬಲ್ಲಿ ‘ಮಾರಿದರು’ ಎಂದರೆ ಏನೂ ಕಡಿಮೆಯಾಗದು. ಕಳೆದುಹೋದ ಕಡತಕ್ಕಾಗಿ ‘ಹುಡುಕಾಟ ನಡೆಸಿದರು’ ಎನ್ನುವ ಬದಲು ಕಡತವನ್ನು ‘ಹುಡುಕಿದರು’ ಎನ್ನಿ. ಇಲ್ಲಿ ‘ಇಸು’ವಿನ ಗೊಡವೆಯೂ ಇಲ್ಲ, ಕ್ರಿಯಾಪದ ಆ ನಾಮಪದದೊಳಗೇ ಇದೆ.