ಅಪ್ಪನ ಟಿಕೆಟ್ ಬೇರೆ, ನಿಮ್ಮ ಟಿಕೆಟ್ ಬೇರೆ

ವಯಸ್ಸಾದ ರೋಗಿಯನ್ನು ರೈಲಿನಲ್ಲಿ ಕರೆದುಕೊಂಡು ಬರುವ ಮನೆಯವರ ದೂರು ಹೆಚ್ಚುಕಡಿಮೆ ಒಂದೇ: "ಲೋವರ್ ಬರ್ತ್ ಅಂತ ಹಾಕಿದ್ವಿ ಡಾಕ್ಟ್ರೇ, ಆದ್ರೂ ಅಪ್ಪನಿಗೆ ಮಿಡ್ಲ್ ಬಂತು." ಟಿಕೆಟ್ ನೋಡಿದರೆ ಕಾರಣ ಅದರಲ್ಲೇ ಇರುತ್ತದೆ. ಅಪ್ಪ, ಅಮ್ಮ, ಮಗ, ಸೊಸೆ ಎಲ್ಲರೂ ಒಂದೇ ಟಿಕೆಟ್‌ನಲ್ಲಿ, ಜನರಲ್ ಕೋಟಾದಲ್ಲಿ. ಒಟ್ಟಿಗೇ ಇರಲಿ ಎಂಬ ಆಸೆ ಅರ್ಥವಾಗುತ್ತದೆ. ಆದರೆ ಕೆಳಗಿನ ಬರ್ತ್ ಕೈತಪ್ಪುವುದು ಆ ಆಸೆಯಿಂದಲೇ.

ಬುಕ್ ಮಾಡುವಾಗ ಒತ್ತುವ ಲೋವರ್ ಬರ್ತ್ ಆಯ್ಕೆ ಬರೀ ಕೋರಿಕೆ. ಖಾಲಿ ಇದ್ದರೆ ಸಿಕ್ಕೀತು, ಇಲ್ಲದಿದ್ದರೆ ಇಲ್ಲ. ಅದಲ್ಲದೆ ಹಿರಿಯರಿಗಾಗಿ ಪ್ರತ್ಯೇಕ ಕೋಟಾ ಒಂದಿದೆ. ಐಆರ್‌ಸಿಟಿಸಿಯಲ್ಲಿ ಕೋಟಾ ಪಟ್ಟಿ ತೆರೆದರೆ `LOWER BERTH/SR.CITIZEN` ಎಂದು ಕಾಣುತ್ತದೆ. ಅದರ ಸಂಕೇತ `SS`. ಪ್ರತಿ ಬೋಗಿಯಲ್ಲಿ ಕೆಲವೇ ಕೆಲವು ಕೆಳಗಿನ ಬರ್ತ್‌ಗಳನ್ನು ಇದಕ್ಕಾಗಿ ತೆಗೆದಿಟ್ಟಿರುತ್ತಾರೆ. 60 ತುಂಬಿದ ಗಂಡಸರು ಮತ್ತು 45 ತುಂಬಿದ ಹೆಂಗಸರು ಇದಕ್ಕೆ ಅರ್ಹರು. ಷರತ್ತು ಏನೆಂದರೆ, ಆ ಟಿಕೆಟ್‌ನಲ್ಲಿ ಅವರು ಒಬ್ಬರೇ ಇರಬೇಕು, ಇಲ್ಲವೇ ಇಬ್ಬರಿದ್ದು ಇಬ್ಬರೂ ಅರ್ಹರಾಗಿರಬೇಕು. ಮೂರನೆಯವರು ಸೇರಿದರೆ ಈ ಕೋಟಾ ಸಿಗುವುದಿಲ್ಲ. ಇಬ್ಬರಲ್ಲಿ ಒಬ್ಬರು 42ರ ಮಗನಾದರೂ ಸಿಗುವುದಿಲ್ಲ. ರೋಗಿಯ ಜೊತೆಗಾರ ಎಂಬ ವಿನಾಯಿತಿಯೂ ಇಲ್ಲಿ ನಡೆಯುವುದಿಲ್ಲ.

ಕಲಬುರಗಿಯಿಂದ ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಆಸ್ಪತ್ರೆಗೆ ಬರುವವರನ್ನೇ ತೆಗೆದುಕೊಳ್ಳಿ: ತಂದೆಗೆ 74, ತಾಯಿಗೆ 70, ಮಗನಿಗೆ 42. ಮೊದಲು ತಂದೆ ತಾಯಿ ಇಬ್ಬರಿಗೇ ಹಿರಿಯರ ಕೋಟಾದಲ್ಲಿ ಒಂದು ಟಿಕೆಟ್ ಮಾಡಿ. ಬೋಗಿ ಬಿ3, ಬರ್ತ್ 33 ಮತ್ತು 36 ಬಂತೆನ್ನಿ. ಆಮೇಲೆ ಮಗನ ಟಿಕೆಟನ್ನು ಜನರಲ್ ಕೋಟಾದಲ್ಲಿ ಮಾಡುತ್ತಾ, ಬೇಕಾದ ಬೋಗಿ ಕೇಳುವ ಜಾಗದಲ್ಲಿ ಬಿ3 ಎಂದು ತುಂಬಿ. ಇದೂ ಖಾತ್ರಿಯಲ್ಲ, ಆದರೆ ಸಿಗುವ ಸಾಧ್ಯತೆ ಇದೆ. ಸಿಗದೆ ಮಗ ಬಿ4ರಲ್ಲಿ ಮಲಗಿದರೂ ನಷ್ಟವಿಲ್ಲ, ನಡೆದುಕೊಂಡು ಬರಬಹುದು. ಮಿಡ್ಲ್ ಬರ್ತ್ ಹತ್ತಲಾಗದ ತಂದೆ ಎಲ್ಲಿಗೆ ಹೋಗುತ್ತಾರೆ? ಸ್ಟೇಷನ್ ಕೌಂಟರ್‌ನಲ್ಲಿ ಮಾಡಿಸುವವರು ಎರಡು ಫಾರ್ಮ್ ತುಂಬಿ, ಒಂದು ಹಿರಿಯರ ಕೋಟಾದಲ್ಲಿ ಬೇಕೆಂದು ಬಾಯಿಬಿಟ್ಟು ಹೇಳಿ.

ಬಂದ ನಂಬರ್ ಕೆಳಗಿನದೇ ಎಂದು ತಿಳಿಯಲು ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಎಂಟರಿಂದ ಭಾಗಿಸಿ. ಶೇಷ 1 ಅಥವಾ 4 ಆದರೆ ಲೋವರ್, 7 ಆದರೆ ಸೈಡ್ ಲೋವರ್. 33 ಮತ್ತು 36 ಎರಡೂ ಲೋವರ್. ಸೆಕೆಂಡ್ ಎಸಿಯಲ್ಲಿ ಆರರ ಲೆಕ್ಕ: 1 ಮತ್ತು 3 ಲೋವರ್, 5 ಸೈಡ್ ಲೋವರ್.

ಈಗ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಆಸ್ಪತ್ರೆಯ ದಿನಾಂಕ ಗೊತ್ತಾದ ತಕ್ಷಣ ಟಿಕೆಟ್ ಮಾಡಿ. ತತ್ಕಾಲ್‌ನಲ್ಲಿ ಈ ಕೋಟಾ ಇರುವುದಿಲ್ಲ. ಹಿರಿಯರ ಕೋಟಾ ಮುಗಿದಿದ್ದರೆ ಜನರಲ್‌ನಲ್ಲೇ ಕನಿಷ್ಠ ಒಂದು ಲೋವರ್ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು ಎನ್ನುವ ಆಯ್ಕೆ ಒತ್ತಿ. ಸಿಗದಿದ್ದರೆ ಟಿಕೆಟ್ಟೇ ಆಗುವುದಿಲ್ಲ, ಆಗ ಬೇರೆ ರೈಲು ನೋಡಬಹುದು. ಅದೂ ಆಗದಿದ್ದರೆ ಹತ್ತಿದ ಮೇಲೆ ಟಿಟಿಇ ಅವರನ್ನು ಕೇಳಿ. ಖಾಲಿ ಉಳಿದ ಲೋವರ್ ಬರ್ತನ್ನು ಹಿರಿಯರಿಗೆ ಕೊಡುವ ಅಧಿಕಾರ ಅವರಿಗಿದೆ. ಸಹಪ್ರಯಾಣಿಕರು ಬಿಟ್ಟುಕೊಟ್ಟಾರು ಎಂದು ನಂಬಿ ಹೊರಡಬೇಡಿ. ನಮ್ಮ ಜನ ಒಳ್ಳೆಯವರೇ, ಆದರೆ ಆ ಕೆಳಗಿನ ಬರ್ತ್‌ನಲ್ಲೂ ಮಂಡಿನೋವಿನ ಅಜ್ಜಿ ಇರಬಹುದು. ಇನ್ನೊಂದು ಮಾತು: ಮಿಡ್ಲ್ ಬರ್ತ್ ಎತ್ತಿ ಮಲಗುವ ಹೊತ್ತು ರಾತ್ರಿ 10ರಿಂದ ಬೆಳಿಗ್ಗೆ 6. ಉಳಿದ ಸಮಯದಲ್ಲಿ ಕೆಳಗಿನ ಸೀಟು ಮೂವರಿಗೂ ಸೇರಿದ್ದು. ಕೂರಲಾಗದ ರೋಗಿಯನ್ನು ಹಗಲು ರೈಲಿಗೆ ಹತ್ತಿಸಬೇಡಿ.

ವೀಲ್‌ಚೇರ್ ವಿಷಯಕ್ಕೆ ಬರೋಣ. ಹೊರಡುವ ಕಡೆ ಎಲ್ಲರೂ ವ್ಯವಸ್ಥೆ ಮಾಡುತ್ತಾರೆ, ಇಳಿಯುವ ಕಡೆ ಮರೆಯುತ್ತಾರೆ. ಎರಡೂ ಸ್ಟೇಷನ್‌ಗಳಲ್ಲಿ ಬೇರೆ ಬೇರೆಯಾಗಿ ಕೇಳಬೇಕು. ಹತ್ತುವ ಕಡೆ ಸ್ಟೇಷನ್ ಮಾಸ್ಟರ್ ಕಚೇರಿಯಲ್ಲಿ ವಿಚಾರಿಸಿ. ಕುರ್ಚಿಗೆ ಬಾಡಿಗೆಯಿಲ್ಲ, ತಳ್ಳಲು ಕೂಲಿಯವರನ್ನು ಕರೆದರೆ ಅವರ ಕೂಲಿ ಕೊಡಬೇಕು. ಇಳಿಯುವ ಕಡೆಗೆ ಸಹಾಯವಾಣಿ 139ಕ್ಕೆ ಮೊದಲೇ ಹೇಳಿ, ಆದರೆ ಅದನ್ನೇ ನಂಬಿ ಕೂರಬೇಡಿ. ಆ ಊರಿನಲ್ಲಿ ನಿಮ್ಮವರು ಯಾರಾದರೂ ಇದ್ದರೆ ಅರ್ಧ ಗಂಟೆ ಮೊದಲೇ ಬಂದು, ಕುರ್ಚಿ ಹಿಡಿದು, ನಿಮ್ಮ ಬೋಗಿ ನಿಲ್ಲುವ ಜಾಗದಲ್ಲೇ ಕಾಯಲಿ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದ ಎಂದು ಹೆಸರಾಗಿದೆ. ಕುರ್ಚಿ ಒಂದು ತುದಿಯಲ್ಲಿ, ರೋಗಿ ಇನ್ನೊಂದು ಕಡೆ ಆದರೆ ಏನಾಗುತ್ತದೆ ಎಂದು ಊಹಿಸಿ.

ಮಾಮೂಲಿ ಬೋಗಿಯ ಬಾಗಿಲಲ್ಲಿ ಕುರ್ಚಿ ಒಳಗೆ ಹೋಗುವುದಿಲ್ಲ. ಬಾಗಿಲಿನಿಂದ ಬರ್ತ್‌ವರೆಗೆ ರೋಗಿ ನಾಲ್ಕು ಹೆಜ್ಜೆ ಇಡಲೇಬೇಕು, ಇಲ್ಲವೇ ಇಬ್ಬರು ಎತ್ತಬೇಕು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿರುವ ಕಾಲು ಮೊದಲು. ಒಬ್ಬರು ಸದಾ ರೋಗಿಗಿಂತ ಕೆಳಗಿನ ಮೆಟ್ಟಿಲ ಕಡೆ ಇರಬೇಕು. ಎರಡೇ ನಿಮಿಷ ನಿಲ್ಲುವ ಊರಾದರೆ ಇಪ್ಪತ್ತು ನಿಮಿಷ ಮೊದಲು ಎಬ್ಬಿಸಿ, ಶೌಚ ಮುಗಿಸಿ, ಬಾಗಿಲ ಹತ್ತಿರದ ಸೀಟಿನಲ್ಲಿ ಕೂರಿಸಿ. ಎದ್ದ ಕೂಡಲೇ ನಡೆಸಬೇಡಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ನಿಂತೊಡನೆ ಕಣ್ಣು ಕತ್ತಲೆ ಬರುವುದುಂಟು. ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕೂತಿರಲಿ.

ಮಾತ್ರೆಗಳ ಪಟ್ಟಿ ಇಲ್ಲಿ ಬರೆಯುವುದಿಲ್ಲ, ಅದು ನಿಮ್ಮ ವೈದ್ಯರ ಚೀಟಿಯಲ್ಲಿದೆ. ಆ ಚೀಟಿ ಮತ್ತು ಎರಡು ದಿನಕ್ಕೆ ಹೆಚ್ಚಿಗೆ ಆಗುವಷ್ಟು ಮಾತ್ರೆ, ಸ್ಟ್ರಿಪ್ ಸಮೇತ, ಕೈಚೀಲದಲ್ಲಿರಲಿ. ಸೀಟಿನಡಿಯ ಸೂಟ್‌ಕೇಸ್‌ನಲ್ಲಿಟ್ಟ ಮಾತ್ರೆ ರಾತ್ರಿ ಎರಡು ಗಂಟೆಗೆ ಇಲ್ಲದಂತೆಯೇ ಲೆಕ್ಕ.

ತಪ್ಪಾಗುವುದು ಹೆಚ್ಚಾಗಿ ಮೂರು ಕಡೆ. ಒಂದು, ಮೂತ್ರ ಹೆಚ್ಚು ಹೋಗುವಂತೆ ಮಾಡುವ ನೀರಿನ ಮಾತ್ರೆ. ರೈಲಿನಲ್ಲಿ ಪದೇಪದೇ ಎದ್ದು ಹೋಗಬೇಕಲ್ಲ ಎಂದು ಅದನ್ನು ಬಿಡಿಸುತ್ತಾರೆ. ಹಾಗೆ ಬಿಟ್ಟರೆ ಹೃದಯ ದುರ್ಬಲವಾಗಿರುವವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿ, ಮಲಗಿದರೆ ಉಸಿರಾಡಲಾಗದೆ ಎದ್ದು ಕೂರುವ ಸ್ಥಿತಿ ಬರಬಹುದು. ಬಿಡುವ ಬದಲು ಹೊತ್ತು ಬದಲಿಸಬಹುದೇ ಎಂದು ಹೊರಡುವ ಮೊದಲು ನಿಮ್ಮ ವೈದ್ಯರನ್ನು ಕೇಳಿ. ಎರಡು, ಊಟಕ್ಕೆ ಮುಂಚಿನ ಇನ್ಸುಲಿನ್. ಊಟ ಬರುತ್ತದೆ ಎಂದು ಚುಚ್ಚಿಬಿಟ್ಟು, ಊಟ ಒಂದು ಗಂಟೆ ತಡವಾದರೆ ಸಕ್ಕರೆ ಇಳಿದು ಬೆವರು, ನಡುಕ, ಗೊಂದಲ ಶುರುವಾಗುತ್ತದೆ. ಊಟ ಕೈಗೆ ಬಂದಿರಲಿ, ಆಮೇಲೆ ಸೂಜಿ. ಬಳಕೆಯಲ್ಲಿರುವ ಪೆನ್ನನ್ನು ಒಂದು ರಾತ್ರಿಗಾಗಿ ಐಸ್‌ನಲ್ಲಿಡಬೇಡಿ. ಬಿಸಿಲು ಬೀಳದ ಚೀಲದಲ್ಲಿದ್ದರೆ ಸಾಕು, ಆದರೆ ಹೆಪ್ಪುಗಟ್ಟಿದರೆ ಅದು ಕೆಟ್ಟಂತೆಯೇ. ಮೂರು, ಅಜ್ಜ ಗಲಾಟೆ ಮಾಡದೆ ಮಲಗಲಿ ಎಂದು ಯಾರದೋ ನಿದ್ರೆ ಮಾತ್ರೆ ಕೊಡುವುದು. ಅರೆನಿದ್ದೆಯಲ್ಲಿ ಎದ್ದು, ಓಲಾಡುವ ಬೋಗಿಯಲ್ಲಿ ಶೌಚಾಲಯದ ಕಡೆ ಹೊರಟವರು ಬೀಳುತ್ತಾರೆ. ಈ ವಯಸ್ಸಿನಲ್ಲಿ ಬಿದ್ದರೆ ಸೊಂಟದ ಮೂಳೆ ಮುರಿಯುವುದು ಅಪರೂಪವಲ್ಲ. ನಿದ್ದೆ ಬರದಿದ್ದರೆ ಒಂದು ರಾತ್ರಿ ಎಚ್ಚರವಿರಲಿ. ದಾರಿಯಲ್ಲಿ ಉಸಿರು, ಎದೆನೋವು, ಪ್ರಜ್ಞೆಯ ತೊಂದರೆ ಕಂಡರೆ ಮನೆಗೆ ಫೋನ್ ಮಾಡುವ ಮೊದಲು ಟಿಟಿಇಗೆ ಹೇಳಿ ಮತ್ತು 139ಕ್ಕೆ ಕರೆ ಮಾಡಿ. ರೈಲಿನ ನಂಬರ್, ಬೋಗಿ, ಬರ್ತ್ ಹೇಳಿದರೆ ಮುಂದಿನ ದೊಡ್ಡ ಸ್ಟೇಷನ್‌ನಲ್ಲಿ ವೈದ್ಯರನ್ನು ಕರೆಸಲು ಅವರಿಗೆ ಸಮಯ ಸಿಗುತ್ತದೆ.